ಒಂದೇ ಹೆಸರಿನ ಎರಡು ವೈಫೈ: ಯಾವುದು ಯಾರದ್ದು ಅಂತ ಬಿಎಸ್‌ಎಸ್‌ಐಡಿ ನೋಡಿ ಪತ್ತೆ ಮಾಡುವುದು ಹೇಗೆ

ಫೋನ್‌ನಲ್ಲಿ ವೈಫೈ ಪಟ್ಟಿ ತೆರೆದರೆ ನಿಮ್ಮ ಮನೆಯ ಹೆಸರೇ ಎರಡು ಸಲ ಕಾಣುತ್ತಿದೆ. ಒಂದಕ್ಕೆ ಬೀಗದ ಚಿತ್ರ ಇದೆ, ಇನ್ನೊಂದಕ್ಕೆ ಇಲ್ಲ. ಬೀಗ ಇರುವುದು ನಮ್ಮದು, ಇಲ್ಲದ್ದು ಯಾರೋ ಕಳ್ಳರದ್ದು ಅಂತ ಅಂದುಕೊಳ್ಳುತ್ತೇವೆ, ಅಲ್ವಾ? ಪುಣೆಯ ಸಿಂಹಗಡ ರಸ್ತೆ ಕಡೆ ಇರುವ ನಮ್ಮ ಮಾಮಾನ ಮನೆಯಲ್ಲಿ ಆಗಿದ್ದು ಇದಕ್ಕೆ ಪೂರ್ತಿ ಉಲ್ಟಾ. ಆ ಕೇಸನ್ನೇ ಹಿಡಿದುಕೊಂಡು ಹೆಜ್ಜೆ ಹೆಜ್ಜೆಯಾಗಿ ಹೇಳುತ್ತೇನೆ. ಒಂದು ಲ್ಯಾಪ್‌ಟಾಪ್ ಮತ್ತು ಬಿಡುವಿರುವ ಒಂದು ಮಧ್ಯಾಹ್ನ ಇದ್ದರೆ ಸಾಕು.

ಮಾಮಾನದು ಎರಡು ಬೆಡ್‌ರೂಮಿನ ಫ್ಲ್ಯಾಟ್. ರೂಟರ್ ಹಾಲ್‌ನಲ್ಲಿದೆ. ಹಿಂದಿನ ಬೆಡ್‌ರೂಮಿಗೆ ಸಿಗ್ನಲ್ ಬರುವುದಿಲ್ಲ ಅಂತ ಗೋಡೆಯ ಸಾಕೆಟ್‌ಗೆ ಸಿಕ್ಕಿಸುವ ಒಂದು ಎಕ್ಸ್‌ಟೆಂಡರ್ ಹಾಕಿಸಿದ್ದರು. ನೆಟ್‌ವರ್ಕ್ ಹೆಸರು `Vitthal`. ತೊಂದರೆ ಎರಡು: ಬೆಡ್‌ರೂಮಿನಲ್ಲಿ ಸಿಗ್ನಲ್ ಫುಲ್ ಇದ್ದರೂ ವಿಡಿಯೊ ನಿಂತು ನಿಂತು ಓಡುತ್ತದೆ, ಅಡುಗೆಮನೆಗೆ ಹೋದರೆ ಸುಮ್‌ಸುಮ್ನೆ ಪಾಸ್‌ವರ್ಡ್ ತಪ್ಪು ಅನ್ನುತ್ತದೆ. "ಏನಪಾ ಇದು, ನಮ್ಮ ವಿಠ್ಠಲ ಎರಡೆರಡು ಕಾಣಸ್ತಾನಲ್ಲ?" ಅಂತ ಮಾಮಾ ಕೇಳಿದರು.

ಹೆಸರು ಯಾರ ಸ್ವತ್ತೂ ಅಲ್ಲ

ವೈಫೈ ಹೆಸರಿಗೆ ತಾಂತ್ರಿಕವಾಗಿ ಎಸ್‌ಎಸ್‌ಐಡಿ ಅನ್ನುತ್ತಾರೆ. ಅದು ರೂಟರಿನಲ್ಲಿ ಯಾರು ಬೇಕಾದರೂ ಬರೆದುಕೊಳ್ಳಬಹುದಾದ ಒಂದು ಸಾಲು, ಅಷ್ಟೇ. ಅದನ್ನು ನೋಂದಾಯಿಸುವ ಕಚೇರಿ ಇಲ್ಲ, ಈ ಹೆಸರು ಆಗಲೇ ಇದೆ ಅಂತ ತಡೆಯುವವರೂ ಇಲ್ಲ. ಮುಂಬೈಯಲ್ಲಿ ಶ್ರೀಕೃಷ್ಣ ಅನ್ನೋ ಬೋರ್ಡಿನ ಉಡುಪಿ ಹೋಟೆಲ್ ಎರಡು ಬೀದಿಯಲ್ಲಿ ಕಂಡರೆ ಮಾಲೀಕರು ಒಬ್ಬರೇ ಅಂತ ನಾವು ನಂಬುವುದಿಲ್ಲವಲ್ಲ, ಇದೂ ಹಾಗೇ.

ಮಿತಿ ಇರುವುದು ಉದ್ದಕ್ಕೆ ಮಾತ್ರ, 32 ಬೈಟ್. ಇಂಗ್ಲಿಷ್ ಅಕ್ಷರಕ್ಕೆ ಒಂದೊಂದು ಬೈಟ್ ಸಾಕು. ಕನ್ನಡದಲ್ಲಿ ಅಕ್ಷರ, ಒತ್ತು, ಕಾಗುಣಿತದ ಚಿಹ್ನೆ ಎಲ್ಲಕ್ಕೂ ಮೂರು ಮೂರು ಬೈಟ್ ಬೇಕು. ಹಾಗಾಗಿ "ವಿಠ್ಠಲ" ಅಂತ ಕನ್ನಡದಲ್ಲೇ ಬರೆದರೆ 18 ಬೈಟ್ ಖರ್ಚು. ಹಾಕಬಹುದು, ಆದರೆ ಕೆಲವು ಹಳೆಯ ಸಾಧನಗಳಲ್ಲಿ ಅದು ಬರೀ ಪ್ರಶ್ನೆ ಚಿಹ್ನೆಗಳಾಗಿ ಕಾಣುತ್ತದೆ.

ಒಂದೇ ಹೆಸರು ಎರಡು ಕಡೆ ಇರುವುದು ದೋಷವೂ ಅಲ್ಲ. ವೈಫೈ ಮಾಡಿದವರು ಬೇಕಂತಲೇ ಹಾಗೆ ಬಿಟ್ಟಿದ್ದಾರೆ. ದೊಡ್ಡ ಆಫೀಸಿನಲ್ಲಿ ಹತ್ತಾರು ಕಡೆ ರೂಟರ್ ಡಬ್ಬಿಗಳಿದ್ದರೂ ಹೆಸರು, ಪಾಸ್‌ವರ್ಡ್ ಒಂದೇ ಇರುತ್ತದೆ. ನೀವು ನಡೆದಂತೆ ಫೋನ್ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುತ್ತದೆ. 2016ರ ಜನವರಿಯಲ್ಲಿ ಮುಂಬೈ ಸೆಂಟ್ರಲ್‌ನಿಂದ ಶುರುವಾದ ರೈಲ್ವೆ ಸ್ಟೇಷನ್‌ಗಳ ಉಚಿತ ವೈಫೈಯನ್ನೇ ನೋಡಿ. ಸ್ಟೇಷನ್ ಬೇರೆಯಾದರೂ ಹೆಸರು ಅದೇ. ಫೋನ್ ಅದನ್ನು ಹೆಸರಿನಿಂದಲೇ ಗುರುತಿಸುತ್ತದೆ.

ಆದರೆ ಫೋನ್ ಹೆಸರೊಂದನ್ನೇ ನೋಡುವುದಿಲ್ಲ. ಹೆಸರು ಮತ್ತು ಭದ್ರತೆಯ ಬಗೆ, ಎರಡನ್ನೂ ಸೇರಿಸಿ ನೋಡುತ್ತದೆ. ಇದು ಗೊತ್ತಿದ್ದರೆ ಪಟ್ಟಿ ಓದುವುದು ಸುಲಭ. ಒಂದೇ ಹೆಸರು, ಒಂದೇ ಬಗೆಯ ಭದ್ರತೆ ಇರುವ ನಾಲ್ಕು ಡಬ್ಬಿಗಳಿದ್ದರೆ ಫೋನ್ ಅವುಗಳನ್ನು ಒಂದೇ ಸಾಲಿಗೆ ಸೇರಿಸಿಬಿಡುತ್ತದೆ, ಅವು ನಾಲ್ಕು ಬೇರೆ ಬೇರೆ ಮನೆಯವಾದರೂ ಸರಿ. ಎರಡು ಸಾಲು ಕಂಡರೆ ಸಾಮಾನ್ಯವಾಗಿ ಅರ್ಥ ಇಷ್ಟೇ: ಭದ್ರತೆ ಬೇರೆ ಬೇರೆ ಇದೆ. ಯಾರದ್ದು ಅಂತ ಅದು ಹೇಳುವುದಿಲ್ಲ.

ಹಾಗಾದರೆ ಯಾರದ್ದು ಅಂತ ಹೇಳುವುದು ಯಾವುದು?

ಬಿಎಸ್‌ಎಸ್‌ಐಡಿ. ಪ್ರತಿ ವೈಫೈ ರೇಡಿಯೊ ಸೆಕೆಂಡಿಗೆ ಸುಮಾರು ಹತ್ತು ಸಲ "ನಾನಿಲ್ಲಿದ್ದೇನೆ" ಅಂತ ಒಂದು ಸಣ್ಣ ಸಂದೇಶ ಬಿಡುತ್ತದೆ. ಅದನ್ನು ಬೀಕನ್ ಅನ್ನುತ್ತಾರೆ. ಅದರಲ್ಲಿ ಹೆಸರು, ಚಾನೆಲ್, ಭದ್ರತೆಯ ಬಗೆ ಇರುತ್ತದೆ, ಜೊತೆಗೆ ಆ ರೇಡಿಯೊದ ಸ್ವಂತ ವಿಳಾಸವೂ ಇರುತ್ತದೆ. ಆ ವಿಳಾಸವೇ ಬಿಎಸ್‌ಎಸ್‌ಐಡಿ. ನೋಡಲು ಹೀಗಿರುತ್ತದೆ: `00:00:5E:00:53:10`. ಆರು ಜೋಡಿ, 0ರಿಂದ 9 ಮತ್ತು A ಇಂದ F.

ಮೊದಲ ಮೂರು ಜೋಡಿ ಸಾಮಾನ್ಯವಾಗಿ ತಯಾರಕರ ಗುರುತು. ಐಇಇಇ ಸಂಸ್ಥೆ ಅವನ್ನು ಕಂಪನಿಗಳಿಗೆ ಹಂಚುತ್ತದೆ. ಹುಡುಕಿದರೆ ಯಾವ ಕಂಪನಿಯ ಡಬ್ಬಿ ಅಂತ ಗೊತ್ತಾಗುತ್ತದೆ. ಕೊನೆಯ ಮೂರು ಜೋಡಿ ಆ ಕಂಪನಿ ಕೊಟ್ಟ ಸಂಖ್ಯೆ.

ನೆನಪಿಡಿ, ಇದು ರೂಟರಿನ ವಿಳಾಸ ಅಲ್ಲ, ರೇಡಿಯೊದ ವಿಳಾಸ. 2.4 ಗಿಗಾಹರ್ಟ್ಸ್‌ಗೆ ಒಂದು, 5 ಗಿಗಾಹರ್ಟ್ಸ್‌ಗೆ ಇನ್ನೊಂದು, ಅತಿಥಿಗಳಿಗೆ ಬೇರೆ ನೆಟ್‌ವರ್ಕ್ ಇಟ್ಟಿದ್ದರೆ ಅದಕ್ಕೆ ಮತ್ತೊಂದು. ಒಂದೇ ಡಬ್ಬಿಗೆ ಮೂರು ನಾಲ್ಕು ವಿಳಾಸ ಇರುವುದು ಮಾಮೂಲು. ಎರಡನೆಯ ಅಕ್ಷರ 2, 6, A ಅಥವಾ E ಆಗಿದ್ದರೆ ಆ ವಿಳಾಸ ಕಾರ್ಖಾನೆಯಿಂದ ಬಂದದ್ದಲ್ಲ, ಸಾಧನ ತಾನೇ ಮಾಡಿಕೊಂಡದ್ದು. ಅತಿಥಿ ನೆಟ್‌ವರ್ಕ್‌ಗಳಲ್ಲಿ, ಫೋನ್ ಹಾಟ್‌ಸ್ಪಾಟ್‌ಗಳಲ್ಲಿ ಇದು ಜಾಸ್ತಿ. ಅಂಥದ್ದಕ್ಕೆ ಕಂಪನಿ ಹೆಸರು ಹುಡುಕಲು ಹೋಗಬೇಡಿ, ಸಿಗುವುದಿಲ್ಲ.

ಹೆಜ್ಜೆ 1: ಪೂರ್ತಿ ಪಟ್ಟಿ ತೆಗೆಯಿರಿ

ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಹೀಗೆ ಹೊಡೆಯಿರಿ:

```
netsh wlan show networks mode=bssid
```

ಎರಡು ಕಿರಿಕಿರಿ ಇವೆ. ಹೊಸ ವಿಂಡೋಸ್ 11ರಲ್ಲಿ ಲೊಕೇಶನ್ ಆನ್ ಇಲ್ಲದಿದ್ದರೆ ಇದು ಉತ್ತರ ಕೊಡುವುದಿಲ್ಲ. ಇನ್ನೊಂದು, ಕೆಲವು ಸಲ ನೀವು ಈಗ ಸೇರಿರುವ ನೆಟ್‌ವರ್ಕ್ ಮಾತ್ರ ತೋರಿಸಿ ಸುಮ್ಮನಾಗುತ್ತದೆ. ಆಗ ಪರದೆಯ ಕೆಳಗಿನ ಟಾಸ್ಕ್‌ಬಾರ್‌ನಲ್ಲಿ ವೈಫೈ ಗುರುತನ್ನು ಒತ್ತಿ, ಸುತ್ತಲಿನ ಹೆಸರುಗಳೆಲ್ಲ ಬರುವವರೆಗೆ ಕಾದು, ಮತ್ತೆ ಅದೇ ಕಮಾಂಡ್ ಓಡಿಸಿ.

ಲಿನಕ್ಸ್ ಇದ್ದವರಿಗೆ ಇದು:

```
nmcli -f SSID,BSSID,CHAN,SIGNAL,SECURITY dev wifi list
```

ಮ್ಯಾಕ್‌ನಲ್ಲಿ ಆಪ್ಷನ್ ಕೀ ಒತ್ತಿಹಿಡಿದು ಮೇಲಿನ ವೈಫೈ ಗುರುತನ್ನು ಕ್ಲಿಕ್ ಮಾಡಿದರೆ ಈಗ ಸೇರಿರುವ ರೇಡಿಯೊದ ವಿಳಾಸ ಸಿಗುತ್ತದೆ. ಆಂಡ್ರಾಯ್ಡ್‌ಗೆ ವೈಫೈ ಅನಲೈಸರ್ ಬಗೆಯ ಆಪ್‌ಗಳಿವೆ. ಲೊಕೇಶನ್ ಅನುಮತಿ ಕೇಳುತ್ತವೆ, ಕೊಡಲೇಬೇಕು. ಆಂಡ್ರಾಯ್ಡ್ 9ರಿಂದ ಈಚೆಗೆ ಒಂದು ಆಪ್ ಎರಡು ನಿಮಿಷದಲ್ಲಿ ನಾಲ್ಕು ಸಲ ಮಾತ್ರ ಹುಡುಕಬಹುದು, ಹಾಗಾಗಿ ಪಟ್ಟಿ ಹಳೆಯದಾಗಿಯೇ ಕಾಣುತ್ತಿದೆ ಅಂತ ಮತ್ತೆ ಮತ್ತೆ ಒತ್ತಿ ಪ್ರಯೋಜನ ಇಲ್ಲ. ಐಫೋನ್‌ನಲ್ಲಿ ಆ್ಯಪಲ್‌ನದೇ ಏರ್‌ಪೋರ್ಟ್ ಯುಟಿಲಿಟಿ ಆಪ್ ಹಾಕಿ, ಸೆಟ್ಟಿಂಗ್ಸ್‌ನಲ್ಲಿ ಅದರ ವೈಫೈ ಸ್ಕ್ಯಾನರ್ ಆನ್ ಮಾಡಬೇಕು.

ಮಾಮಾನ ಬೆಡ್‌ರೂಮಿನಲ್ಲಿ ಕೂತು ತೆಗೆದ ಪಟ್ಟಿ, ಬೇಡದ್ದನ್ನು ಕತ್ತರಿಸಿ ಹೀಗಿದೆ. ವಿಳಾಸಗಳನ್ನು ಬದಲಿಸಿದ್ದೇನೆ, ಯಾಕೆ ಅಂತ ಕೊನೆಗೆ ಹೇಳುತ್ತೇನೆ.

```
Vitthal  WPA2-Personal
  00:00:5e:00:53:10   52%   Channel 6
  00:00:5e:00:53:11   20%   Channel 44
  00:11:22:33:44:50   30%   Channel 1
Vitthal  Open
  00:22:33:44:55:60   96%   Channel 6
```

ಫೋನ್‌ನಲ್ಲಿ ಎರಡು ಸಾಲು ಕಂಡಿತ್ತು. ಇಲ್ಲಿ ನೋಡಿದರೆ ರೇಡಿಯೊ ನಾಲ್ಕು. ಬೀಗ ಇರುವ ಸಾಲಿನಲ್ಲೇ ಮೂರು ಅಡಗಿವೆ.

ಶೇಕಡಾ ಲೆಕ್ಕ ವಿಂಡೋಸ್‌ನದು. ಅದನ್ನು ಎರಡರಿಂದ ಭಾಗಿಸಿ 100 ಕಳೆದರೆ ಸಿಗ್ನಲ್ ಅಳೆಯುವ ಮಾನವಾದ ಡಿಬಿಎಂನಲ್ಲಿ ಹೆಚ್ಚುಕಡಿಮೆ ಎಷ್ಟು ಅಂತ ಸಿಗುತ್ತದೆ: 52% ಅಂದರೆ ಸುಮಾರು -74, 96% ಅಂದರೆ -52. ಸೊನ್ನೆಗೆ ಹತ್ತಿರ ಬಂದಷ್ಟೂ ಜೋರು. -80ರ ಆಚೆ ಹೋದರೆ ವಿಡಿಯೊ ಆಸೆ ಬಿಡಬೇಕು.

ಹೆಜ್ಜೆ 2: ಮೊದಲು ನಿಮ್ಮದನ್ನು ಗುರುತಿಸಿ

ಅಪರಿಚಿತರನ್ನು ಹುಡುಕುವ ಮುಂಚೆ ನಿಮ್ಮದು ಯಾವುದು ಅಂತ ಖಾತ್ರಿ ಆಗಬೇಕು. ರೂಟರ್ ತಿರುಗಿಸಿ ಕೆಳಗಿನ ಸ್ಟಿಕ್ಕರ್ ನೋಡಿ. ಅಲ್ಲಿ MAC ಅಂತ ಬರೆದು, ಬಿಎಸ್‌ಎಸ್‌ಐಡಿ ಥರದ್ದೇ ಆರು ಜೋಡಿಯ ಒಂದು ವಿಳಾಸ ಇರುತ್ತದೆ, ಆದರೆ ಅದು ಪಟ್ಟಿಯಲ್ಲಿರುವುದಕ್ಕೆ ಪೂರ್ತಿ ಹೊಂದದೇ ಇರಬಹುದು. ಮಾಮಾನ ರೂಟರಿನ ಸ್ಟಿಕ್ಕರ್ `0F` ಅಂತ ಮುಗಿಯುತ್ತಿತ್ತು. ಪಟ್ಟಿಯಲ್ಲಿ `10` ಮತ್ತು `11`. ಈ ಲೆಕ್ಕದಲ್ಲಿ 0F ಆದ ಮೇಲೆ ಬರುವುದೇ 10, ಅಂದರೆ ಮೂರೂ ಸಾಲಾಗಿವೆ. ಸ್ಟಿಕ್ಕರಿನದು ತಂತಿಯ ಪೋರ್ಟಿನ ವಿಳಾಸ, ಮುಂದಿನ ಎರಡು ರೇಡಿಯೊಗಳದ್ದು. ಬಹಳಷ್ಟು ತಯಾರಕರು ಹೀಗೇ ಮಾಡುತ್ತಾರೆ. ಎಲ್ಲರೂ ಅಲ್ಲ.

ಆದ್ದರಿಂದ ಸ್ಟಿಕ್ಕರ್ ನಂಬಿ ಅಲ್ಲಿಗೇ ನಿಲ್ಲಬೇಡಿ. ನನಗೆ ಜಾಸ್ತಿ ನಂಬಿಕೆ ಇರುವುದು ಸ್ವಿಚ್ ಆಫ್ ಪರೀಕ್ಷೆಯ ಮೇಲೆ. ರೂಟರಿನ ಕರೆಂಟ್ ತೆಗೆಯಿರಿ. ಒಂದೆರಡು ನಿಮಿಷ ಕಾಯಿರಿ, ಯಾಕೆಂದರೆ ಲ್ಯಾಪ್‌ಟಾಪ್ ಈಗಿಲ್ಲದ ನೆಟ್‌ವರ್ಕನ್ನೂ ಸ್ವಲ್ಪ ಹೊತ್ತು ಪಟ್ಟಿಯಲ್ಲಿ ಇಟ್ಟುಕೊಂಡಿರುತ್ತದೆ. ಮತ್ತೆ ಪಟ್ಟಿ ತೆಗೆಯಿರಿ. ಮಾಮಾನ ಮನೆಯಲ್ಲಿ `10` ಮತ್ತು `11` ಎರಡೂ ಮಾಯವಾದವು. ಉಳಿದ ಎರಡು ಹಾಗೇ ಇದ್ದವು.

ರೂಟರ್ ಆಫ್ ಇದ್ದರೂ ಎಕ್ಸ್‌ಟೆಂಡರ್ ತನ್ನ ಪಾಡಿಗೆ ಹೆಸರು ಕೂಗುತ್ತಾ ಇರಬಹುದು. ಅದಕ್ಕೇ ಒಂದೊಂದಾಗಿ ಆಫ್ ಮಾಡಬೇಕು. ಎಕ್ಸ್‌ಟೆಂಡರ್ ಕಿತ್ತು ಕಾದರೆ, ಬೀಗ ಇಲ್ಲದ `Vitthal` ಮಾಯ!

ಅಂದರೆ ಕಳ್ಳ ಅಂತ ಅಂದುಕೊಂಡಿದ್ದು ಮನೆಯದ್ದೇ ಸಾಮಾನು. ಎಕ್ಸ್‌ಟೆಂಡರ್ ಹಾಕಿಕೊಟ್ಟ ಹುಡುಗ ಹೆಸರು ಮಾತ್ರ ರೂಟರಿನದೇ ಕೊಟ್ಟು, ಪಾಸ್‌ವರ್ಡ್ ಹಾಕದೆ ಹೋಗಿದ್ದ. ಬಿಲ್ಡಿಂಗಿನ ಯಾರು ಬೇಕಾದರೂ ಅದರ ಮೂಲಕ ಮಾಮಾನ ನೆಟ್‌ವರ್ಕಿಗೆ ಬರಬಹುದಿತ್ತು. ಚಾನೆಲ್ ಕೂಡ ಆಗಲೇ ಸುಳಿವು ಕೊಟ್ಟಿತ್ತು ನೋಡಿ. 2.4 ಗಿಗಾಹರ್ಟ್ಸ್‌ನ ಒಂದೇ ರೇಡಿಯೊ ಇರುವ ಅಗ್ಗದ ಎಕ್ಸ್‌ಟೆಂಡರ್ ರೂಟರಿನ ಮಾತು ಕೇಳಿಸಿಕೊಳ್ಳಬೇಕು, ನಮ್ಮ ಫೋನಿಗೂ ಹೇಳಬೇಕು. ಒಂದೇ ರೇಡಿಯೊದಲ್ಲಿ ಎರಡೂ ಆಗಬೇಕಾದ್ದರಿಂದ ಅದು ರೂಟರ್ ಇರುವ ಚಾನೆಲ್‌ನಲ್ಲೇ ಇರಬೇಕಾಗುತ್ತದೆ. ಎರಡೂ 6ರಲ್ಲಿದ್ದವು. ಬರೀ ಇದರಿಂದಲೇ ತೀರ್ಮಾನ ಮಾಡಲಾಗದು, 6ರಲ್ಲಿ ಅರ್ಧ ಬಿಲ್ಡಿಂಗ್ ಇರುತ್ತದೆ.

ವಿಡಿಯೊ ನಿಲ್ಲುವುದಕ್ಕೂ ಕಾರಣ ಇಲ್ಲೇ ಇದೆ. ಎಕ್ಸ್‌ಟೆಂಡರ್ ಮಂಚದ ಪಕ್ಕ ಇದೆ, ಹಾಗಾಗಿ ಫೋನ್ ಫುಲ್ ಸಿಗ್ನಲ್ ತೋರಿಸುತ್ತದೆ. ಆದರೆ ಅದೇ ಜಾಗದಲ್ಲಿ ರೂಟರಿನ ಸಿಗ್ನಲ್ 52% ಮಾತ್ರ. ಎಕ್ಸ್‌ಟೆಂಡರ್‌ಗೆ ಸಿಗುವುದೂ ಅಷ್ಟೇ. ಅದನ್ನೇ ಅದು ಮತ್ತೆ ಹಂಚುತ್ತದೆ, ಅದೂ ಒಂದೇ ರೇಡಿಯೊದಲ್ಲಿ ಒಮ್ಮೆ ಕೇಳಿ ಒಮ್ಮೆ ಹೇಳಿ, ಅರ್ಧ ಸಮಯ ಅದಕ್ಕೇ ಹೋಗುತ್ತದೆ.

ಹೆಜ್ಜೆ 3: ಉಳಿದದ್ದು ಯಾರದ್ದು?

ರೂಟರ್, ಎಕ್ಸ್‌ಟೆಂಡರ್ ಎರಡೂ ಆಫ್ ಆದ ಮೇಲೂ `00:11:22:33:44:50` ಹಾಗೇ ಇತ್ತು. ಇದೇ ಹೊರಗಿನದ್ದು. ಆದರೆ ಫೋನ್‌ನಲ್ಲಿ ಇದು ನಮ್ಮದೇ ಸಾಲಿನೊಳಗೆ, ಬೀಗದ ಚಿತ್ರದ ಹಿಂದೆ, ಸಭ್ಯವಾಗಿ ಕೂತಿತ್ತು.

ಲ್ಯಾಪ್‌ಟಾಪ್ ಹಿಡಿದು ಕೋಣೆಯಿಂದ ಕೋಣೆಗೆ ನಡೆಯಿರಿ. ಪ್ರತಿ ಕಡೆ ನಿಂತು, ಹೊಸದಾಗಿ ಪಟ್ಟಿ ತೆಗೆದು, ಆ ಒಂದು ವಿಳಾಸದ ಸಿಗ್ನಲ್ ಮಾತ್ರ ಬರೆದುಕೊಳ್ಳಿ. ಬೆಡ್‌ರೂಮಿನಲ್ಲಿ 30% ಇದ್ದದ್ದು ಹಾಲ್‌ನಲ್ಲಿ 44% ಆಯಿತು, ಅಡುಗೆಮನೆಯ ಕಿಟಕಿ ಹತ್ತಿರ 70%. ರೂಟರ್ ಮತ್ತೆ ಆನ್ ಮಾಡಿ ಅಲ್ಲೇ ನೋಡಿದರೆ ನಮ್ಮ `10` ಬರೀ 58%. ಅಡುಗೆಮನೆಯಲ್ಲಿ ಹೊರಗಿನವನೇ ಜೋರು! ಆ ಕಿಟಕಿಯ ಕೆಳಗಿನ ಮನೆಯ ಕಾಕೂಗೆ ಕೇಳಿದೆವು. "ಆಮ್ಚಾ ಪಣ್ ವಿಠ್ಠಲಚ್ ಆಹೇ!" ಅಂತ ನಕ್ಕರು. ಪಂಢರಪುರದ ವಿಠೋಬ ಅವರಿಗೂ ದೇವರು, ನಮಗೂ ದೇವರು, ಇಬ್ಬರೂ ರೂಟರಿಗೆ ಅದೇ ಹೆಸರಿಟ್ಟಿದ್ದಾರೆ.

ಪಾಸ್‌ವರ್ಡ್ ತಪ್ಪು ಅಂತ ಬರುತ್ತಿದ್ದದ್ದು ಯಾಕೆ ಅಂತ ಈಗ ಗೊತ್ತಾಯಿತಲ್ಲ. ಹೆಸರು ಅದೇ, ಡಬ್ಲ್ಯುಪಿಎ2 ಭದ್ರತೆಯೂ ಅದೇ, ಸಿಗ್ನಲ್ ಜೋರು. ಫೋನ್ ಇದೂ ನಮ್ಮದೇ ಅಂತ ನಂಬಿ ಕಾಕೂ ಮನೆಯ ರೂಟರಿಗೆ ಸೇರಲು ಹೋಗುತ್ತದೆ. ಪಾಸ್‌ವರ್ಡ್ ಬೇರೆ, ಹಾಗಾಗಿ ಅದು ಒಳಗೆ ಬಿಡುವುದಿಲ್ಲ. ಪಾಸ್‌ವರ್ಡ್ ಕೇಳುವುದು ಮನೆಯ ಒಂದು ಮೂಲೆಯಲ್ಲಿ ಮಾತ್ರ ಅಂತಾದರೆ ಮೊದಲ ಅನುಮಾನ ಇದರ ಮೇಲೇ ಇರಲಿ, ರೂಟರ್ ರಿಪೇರಿಗೆ ಕೊಡಬೇಡಿ.

ಹೆಜ್ಜೆ 4: ಸರಿಪಡಿಸುವುದು

ಮೊದಲು ಎಕ್ಸ್‌ಟೆಂಡರ್. ಅದರ ಸೆಟ್ಟಿಂಗ್ ಪುಟಕ್ಕೆ ಹೋಗಿ ಭದ್ರತೆಯನ್ನು ರೂಟರಿನದೇ ಬಗೆಗೆ ಬದಲಿಸಿ, ಅದೇ ಪಾಸ್‌ವರ್ಡ್ ಹಾಕಿದೆವು. ಆಮೇಲೆ ಅದನ್ನು ಬೆಡ್‌ರೂಮಿನಿಂದ ತೆಗೆದು ಹಾಲ್ ಮತ್ತು ಬೆಡ್‌ರೂಮಿನ ನಡುವಿನ ಪ್ಯಾಸೇಜಿನ ಸಾಕೆಟ್‌ಗೆ ಹಾಕಿದೆವು. ಅಲ್ಲಿ ರೂಟರಿನ ಸಿಗ್ನಲ್ 70% ದಾಟುತ್ತದೆ. ಎಕ್ಸ್‌ಟೆಂಡರ್ ಇರಬೇಕಾದ್ದು ಸಿಗ್ನಲ್ ಸತ್ತ ಜಾಗದಲ್ಲಿ ಅಲ್ಲ, ಇನ್ನೂ ಚೆನ್ನಾಗಿರುವ ಜಾಗದಲ್ಲಿ.

ಆಮೇಲೆ ಹೆಸರು. ಎರಡು ಮನೆಯಲ್ಲಿ ಒಬ್ಬರು ಬದಲಿಸಿದರೆ ಸಾಕು. ಮಾಮಾ `Vitthal_Tulsi` ಅಂತ ಮಾಡಿಕೊಂಡರು. ಫ್ಲ್ಯಾಟ್ ನಂಬರನ್ನು ಹೆಸರಿನಲ್ಲಿ ಹಾಕುವ ಚಾಳಿ ನನಗೆ ಹಿಡಿಸುವುದಿಲ್ಲ, ಯಾವ ಮನೆ ಅಂತ ಬೀದಿಗೆಲ್ಲ ಸಾರಿದಂತೆ. ಹೆಸರು ಬದಲಾದರೆ ಟಿವಿ, ಪ್ರಿಂಟರ್, ಕ್ಯಾಮೆರಾ ಎಲ್ಲವನ್ನೂ ಹೊಸದಾಗಿ ಸೇರಿಸಬೇಕು. ಎಕ್ಸ್‌ಟೆಂಡರ್‌ಗೂ ಹೊಸ ಹೆಸರು ಹೇಳಬೇಕು, ಇದನ್ನು ಮರೆಯುವವರೇ ಜಾಸ್ತಿ. ಕೊನೆಗೆ ಎಲ್ಲ ಫೋನ್‌ಗಳಲ್ಲೂ ಹಳೆಯ `Vitthal` ಅನ್ನು, ಬೀಗ ಇಲ್ಲದ್ದನ್ನೂ ಸೇರಿಸಿ, ಮರೆತುಬಿಡು ಅಂತ ಒತ್ತಿ ಅಳಿಸಿ. ಅಳಿಸದಿದ್ದರೆ ಅಡುಗೆಮನೆಯಲ್ಲಿ ಮತ್ತೆ ಕಾಕೂ ಮನೆಯ ಬಾಗಿಲು ತಟ್ಟುತ್ತದೆ.

ಹೆಸರು ಬದಲಿಸದೆ, ಒಂದೇ ಬಿಎಸ್‌ಎಸ್‌ಐಡಿಗೆ ಕಟ್ಟಿಹಾಕಬಹುದಾ? ಲಿನಕ್ಸ್‌ನಲ್ಲಿ ಆಗುತ್ತದೆ:

```
nmcli connection modify Vitthal 802-11-wireless.bssid 00:00:5E:00:53:11
```

ಒಂದೇ ಕಡೆ ಇರುವ ಕಂಪ್ಯೂಟರಿಗೆ ಇದು ಚೆನ್ನ. ಓಡಾಡುವ ಲ್ಯಾಪ್‌ಟಾಪಿಗೆ ಬೇಡ, ಆ ರೇಡಿಯೊ ಸಿಗದ ಕೋಣೆಯಲ್ಲಿ ನೆಟ್ ಇಲ್ಲದೆ ಕೂರಬೇಕಾಗುತ್ತದೆ. ಫೋನ್‌ಗಳ ಮಾಮೂಲಿ ಸೆಟ್ಟಿಂಗ್‌ನಲ್ಲಿ ಈ ಸೌಲಭ್ಯ ಇಲ್ಲ.

ಬಿಎಸ್‌ಎಸ್‌ಐಡಿ ಗುರುತಿನ ಚೀಟಿ ಅಲ್ಲ

ವಿಳಾಸ ಹೊಂದಿತು, ಹಾಗಾದರೆ ಇದು ಅಸಲಿ ಅಂತ ಹೇಳಬಹುದಾ? ಹೇಳಲಾಗದು. ಬೀಕನ್‌ನಲ್ಲಿರುವುದೆಲ್ಲ ಗಾಳಿಯಲ್ಲಿ ಬಹಿರಂಗವಾಗಿ ಹೋಗುತ್ತದೆ. ಯಾರು ಬೇಕಾದರೂ ಕೇಳಿಸಿಕೊಂಡು, ತಮ್ಮ ಸಾಧನಕ್ಕೆ ಅದೇ ಹೆಸರು, ಅದೇ ವಿಳಾಸ ಹಾಕಬಹುದು. ಯಾರದ್ದು ಅಂತ ವಿಂಗಡಿಸಲು ಬಿಎಸ್‌ಎಸ್‌ಐಡಿ ಒಳ್ಳೆಯದು, ಮೋಸ ಮಾಡಲು ಹೊರಟವರನ್ನು ಹಿಡಿಯಲು ಅದರಿಂದ ಆಗುವುದಿಲ್ಲ.

ಮನೆಯ ನೆಟ್‌ವರ್ಕನ್ನು ನಿಜವಾಗಿ ಕಾಯುವುದು ಪಾಸ್‌ವರ್ಡ್. ಡಬ್ಲ್ಯುಪಿಎ2ರಲ್ಲಿ ಪಾಸ್‌ವರ್ಡ್ ಮತ್ತು ನೆಟ್‌ವರ್ಕ್ ಹೆಸರು ಎರಡನ್ನೂ ಬೆರೆಸಿ ಒಂದು ಕೀಲಿ ತಯಾರಾಗುತ್ತದೆ. ಅದು ನನ್ನ ಹತ್ತಿರ ಇದೆ ಅಂತ ಫೋನ್ ರುಜುವಾತು ಮಾಡಬೇಕು, ರೂಟರ್ ಕೂಡ ಮಾಡಬೇಕು. ಪಾಸ್‌ವರ್ಡ್ ಗೊತ್ತಿಲ್ಲದ ನಕಲಿ ರೂಟರ್ ಆ ಹಂತದಲ್ಲಿ ಸಿಕ್ಕಿಬೀಳುತ್ತದೆ. ಆದರೆ ಅಷ್ಟರೊಳಗೆ ಫೋನ್ ಕಳಿಸಿದ ರುಜುವಾತು ಅದರ ಕೈಗೆ ಸಿಕ್ಕಿರುತ್ತದೆ. ಅದನ್ನಿಟ್ಟುಕೊಂಡು ಆರಾಮಾಗಿ ಕೂತು ಪಾಸ್‌ವರ್ಡ್ ಊಹಿಸಬಹುದು. ಫೋನ್ ನಂಬರನ್ನೇ ಪಾಸ್‌ವರ್ಡ್ ಮಾಡಿಕೊಂಡವರು ಇಲ್ಲೇ ಸೋಲುತ್ತಾರೆ. ಡಬ್ಲ್ಯುಪಿಎ3ರಲ್ಲಿ ಹೀಗೆ ಮನೆಗೆ ಒಯ್ದು ಊಹಿಸುವ ದಾರಿ ಮುಚ್ಚಿದ್ದಾರೆ.

ಬೀಗ ಇಲ್ಲದ ನೆಟ್‌ವರ್ಕ್‌ಗಳಿಗೆ ಈ ರುಜುವಾತೇ ಇಲ್ಲ. ಗೋವಾದ ಬೀಚ್ ಕಡೆಯ ಕೆಫೆಯಲ್ಲಿ ಒಮ್ಮೆ ಸೇರಿದ ತೆರೆದ ವೈಫೈ ಫೋನ್‌ನಲ್ಲಿ ಉಳಿದಿದ್ದರೆ, ಅದೇ ಹೆಸರು ಎಲ್ಲಿ ಕಂಡರೂ ಫೋನ್ ತಾನಾಗಿ ಸೇರಬಹುದು. ಅಂಥವನ್ನು ಬಳಸಿದ ತಕ್ಷಣ ಅಳಿಸಿ, ಇಲ್ಲವೇ ತಾನಾಗಿ ಸೇರುವುದನ್ನು ಆಫ್ ಮಾಡಿ.

ಇನ್ನು ಮೇಲಿನ ಪಟ್ಟಿಯಲ್ಲಿ ವಿಳಾಸ ಬದಲಿಸಿದ್ದು ಯಾಕೆ? ಯಾವ ಬಿಎಸ್‌ಎಸ್‌ಐಡಿ ಎಲ್ಲಿ ಕೇಳಿಸಿತು ಅನ್ನುವ ದೊಡ್ಡ ಪಟ್ಟಿಗಳು ಗೂಗಲ್, ಆ್ಯಪಲ್ ಹತ್ತಿರ ಇವೆ. ಫೋನ್ ಕಟ್ಟಡದೊಳಗೆ ಇದ್ದರೂ ಜಾಗ ಹೇಳುವುದು ಅದರಿಂದಲೇ. ಅಂದರೆ ಪಟ್ಟಿಯ ಸ್ಕ್ರೀನ್‌ಶಾಟ್ ಎಲ್ಲರಿಗೂ ಕಾಣುವ ಕಡೆ ಹಾಕಿದರೆ ಮನೆ ಎಲ್ಲಿದೆ ಅಂತ ಹೇಳಿಬಿಟ್ಟಂತೆ ಆಗಬಹುದು, ಹಾಕುವ ಮುಂಚೆ ಕೊನೆಯ ಮೂರು ಜೋಡಿ ಅಳಿಸಿ. ಹುಬ್ಬಳ್ಳಿಯಿಂದ ಪುಣೆಗೆ ರೂಟರ್ ಸಮೇತ ಮನೆ ಬದಲಿಸಿದವರ ಫೋನ್ ಕೆಲವು ದಿನ ಹುಬ್ಬಳ್ಳಿಯ ನಕ್ಷೆಯನ್ನೇ ತೋರಿಸಿದರೆ ಕಾರಣ ಇದೇ: ಊರು ಬದಲಾಯಿತು, ರೇಡಿಯೊದ ವಿಳಾಸ ಅದೇ ಉಳಿಯಿತು. ಆ ಪಟ್ಟಿಗಳಲ್ಲಿ ನಿಮ್ಮ ರೂಟರ್ ಇರುವುದು ಬೇಡ ಅಂತಾದರೆ ನೆಟ್‌ವರ್ಕ್ ಹೆಸರಿನ ಕೊನೆಗೆ `_nomap` ಸೇರಿಸಿ, `Vitthal_Tulsi_nomap` ಅಂತ. ಗೂಗಲ್, ಆ್ಯಪಲ್ ಎರಡೂ ಅದನ್ನು ಗೌರವಿಸುತ್ತವೆ. ಆದರೆ ಹೆಸರು ಬದಲಾಯಿತು ಅಂದರೆ ಟಿವಿ, ಪ್ರಿಂಟರ್, ಕ್ಯಾಮೆರಾ ಎಲ್ಲವನ್ನೂ ಮತ್ತೆ ಸೇರಿಸಬೇಕಲ್ಲ, ಹಾಗಾಗಿ ಹೆಜ್ಜೆ 4ರಲ್ಲಿ ಹೊಸ ಹೆಸರು ಕೊಡುವಾಗಲೇ ಇದನ್ನೂ ಸೇರಿಸಿಬಿಡಿ.